ಪ್ಲಾಸ್ಟರ್ ಒಣಗಿ ಗಟ್ಟಿ ಆಗಲ್ಲ, ದಯವಿಟ್ಟು ಆ ಫ್ಯಾನ್ ಆಫ್ ಮಾಡಿ

ಡೆಂಟಲ್ ಲ್ಯಾಬ್‌ಗಳಿಂದ ಈ ಪ್ರಶ್ನೆ ಬಂದಾಗಲೆಲ್ಲ ಹೆಸರು ಬೇರೆ, ಊರು ಬೇರೆ, ವಿಷಯ ಮಾತ್ರ ಅದೇ: "ಸಾರ್, ಆಲ್ಜಿನೇಟ್ ಇಂಪ್ರೆಶನ್‌ಗೆ ಸ್ಟೋನ್ ಹಾಕಿ ರಾತ್ರಿಯೆಲ್ಲ ಫ್ಯಾನ್ ಕೆಳಗೆ ಇಟ್ಟಿದ್ದೆ. ಬೆಳಿಗ್ಗೆ ಬಿಡಿಸಿದ್ರೆ ಕಾಸ್ಟ್ ಮೇಲೆಲ್ಲ ಸೀಮೆಸುಣ್ಣದ ಥರ ಪುಡಿ ಏಳ್ತಿದೆ, ಮುಂದಿನ ಹಲ್ಲು ಮುರಿದು ಇಂಪ್ರೆಶನ್ ಒಳಗೇ ಉಳ್ಕೊಂಡಿದೆ. ಇನ್ನೂ ಸ್ವಲ್ಪ ಒಣಗಿಸಬೇಕಿತ್ತಾ?"

ಇಲ್ಲ. ಒಣಗಿಸಿದ್ದೇ ಜಾಸ್ತಿ ಆಯ್ತು, ಅದೂ ತಪ್ಪು ಜಾಗದಲ್ಲಿ ಒಣಗಿಸಿದ್ರಿ. ಇದನ್ನ ಒಂದೇ ಸಾಲಲ್ಲಿ ಹೇಳಿ ಮುಗಿಸಬಹುದಿತ್ತು, ಆದ್ರೆ ಹಾಗೆ ಹೇಳಿದಾಗಲೆಲ್ಲ "ಒಣಗದೆ ಗಟ್ಟಿ ಹೇಗೆ ಆಗುತ್ತೆ?" ಅಂತ ಇನ್ನೊಂದು ಪ್ರಶ್ನೆ ಬರುತ್ತೆ, ಅದಕ್ಕೇ ಈ ಸಲ ಬುಡದಿಂದ ಶುರು ಮಾಡ್ತೀನಿ. ಇಂಪ್ರೆಶನ್ ಅಂದ್ರೆ ಬಾಯಿಂದ ತೆಗೆದ ಹಲ್ಲಿನ ಅಚ್ಚು, ಅದಕ್ಕೆ ಸ್ಟೋನ್ ಸುರಿದು ಮಾಡೋ ಹಲ್ಲಿನ ಮಾದರಿಯೇ ಕಾಸ್ಟ್.

ನಿಮ್ಮ ಡಬ್ಬಿಯಲ್ಲಿರೋ ಪುಡಿ, ಪ್ಲಾಸ್ಟರ್ ಆಗಲಿ ಡೆಂಟಲ್ ಸ್ಟೋನ್ ಆಗಲಿ, ಜಿಪ್ಸಮ್ ಅನ್ನೋ ಕಲ್ಲನ್ನ ಕಾಯಿಸಿ ಅದರೊಳಗಿನ ನೀರಲ್ಲಿ ಮುಕ್ಕಾಲು ಭಾಗ ತೆಗೆದು ಮಾಡಿದ್ದು. ನೀವು ಬೌಲಲ್ಲಿ ನೀರು ಸೇರಿಸಿದಾಗ ಕಳ್ಕೊಂಡ ಆ ನೀರನ್ನ ಪುಡಿ ವಾಪಸ್ ತಗೊಂಡು ಮತ್ತೆ ಕಲ್ಲಾಗುತ್ತೆ, ಅಷ್ಟೇ:

CaSO4·½H2O + 1½H2O → CaSO4·2H2O + ಶಾಖ

ಎಡಗಡೆ ನೋಡಿ, ನೀರು ಒಳಗೆ ಹೋಗ್ತಿದೆ. ಬಲಗಡೆಯಿಂದ ನೀರು ಹೊರಗೆ ಬರ್ತಿಲ್ಲ. ಪುಡಿ ಮೊದಲು ನೀರಲ್ಲಿ ಸ್ವಲ್ಪ ಕರಗುತ್ತೆ, ಕರಗಿದ್ದು ನೀರು ಕೂಡಿಸಿಕೊಂಡು ಡೈಹೈಡ್ರೇಟ್, ಅಂದ್ರೆ ಮತ್ತೆ ಜಿಪ್ಸಮ್ ಆಗುತ್ತೆ, ಡೈಹೈಡ್ರೇಟಿಗೆ ಕರಗೋ ಶಕ್ತಿ ತುಂಬಾ ಕಡಿಮೆ ಇರೋದ್ರಿಂದ ಅದು ಸೂಜಿಯಂಥ ಹರಳುಗಳಾಗಿ ಹೊರಗೆ ಬೀಳುತ್ತೆ, ಆ ಸೂಜಿಗಳು ಒಂದಕ್ಕೊಂದು ಹೆಣೆದುಕೊಂಡಾಗ ನಿಮಗೆ ಕೈಗೆ ಗಟ್ಟಿ ಅನ್ಸುತ್ತೆ. 1887ರಲ್ಲೇ ಲೆ ಶಾಟೆಲಿಯೇ ಈ ವಿವರಣೆ ಕೊಟ್ಟಿದ್ದ. ಇಷ್ಟು ವರ್ಷ ಆದ್ಮೇಲೂ ನಮ್ಮ ಲ್ಯಾಬ್‌ಗಳಲ್ಲಿ ಸ್ಟೋನ್ "ಒಣಗ್ತಾನೇ" ಇದೆ.

ನಂಬಿಕೆ ಬರ್ತಿಲ್ವಾ? ಒಂದು ಪೇಪರ್ ಕಪ್‌ಗೆ ಸ್ಟೋನ್ ಕಲಸಿ ಹಾಕಿ, ಮೇಲಿನ ಹೊಳಪು ಹೋದ ತಕ್ಷಣ ಕಪ್ಪನ್ನ ನೀರು ತುಂಬಿದ ಬಕೆಟ್ಟಲ್ಲಿ ಪೂರ್ತಿ ಮುಳುಗಿಸಿಡಿ. ಒಂದು ಗಂಟೆ ಬಿಟ್ಟು ತೆಗೀರಿ, ಕಲ್ಲಾಗಿರುತ್ತೆ. ಬಕೆಟ್ ಒಳಗೆ ಏನು ಒಣಗಿತು ಹೇಳಿ? ಸಾಲದ್ದಕ್ಕೆ ನೀರೊಳಗೆ ಇಟ್ಟಿದ್ದು ಗಾಳಿಯಲ್ಲಿ ಇಟ್ಟಿದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ, ಯಾಕಂದ್ರೆ ಹೊರಗಿನ ನೀರು ಸಿಕ್ಕಾಗ ಹರಳುಗಳಿಗೆ ಬೆಳೆಯೋಕೆ ಜಾಗ ಜಾಸ್ತಿ. ಮನೆ ಕಟ್ಟಿಸಿದವರಿಗೆ ಇದು ಹೊಸದಲ್ಲ, ಆರ್‌ಸಿಸಿ ಹಾಕಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸ್ತಾರಲ್ಲ, ಆಗ ಯಾರೂ "ಒಣಗಲಿ, ಫ್ಯಾನ್ ತನ್ನಿ" ಅನ್ನಲ್ಲ.

ಇನ್ನೊಂದು ಸಾಕ್ಷಿ ಬಿಸಿಯದ್ದು. ಒಣಗಿ ಗಟ್ಟಿ ಆಗೋದೇ ನಿಜ ಆಗಿದ್ರೆ ನೀರು ಬಿಸಿ ಇದ್ದಷ್ಟೂ ಬೇಗ ಗಟ್ಟಿ ಆಗಬೇಕಿತ್ತು. ಆಗೋದು ಬೇರೆ. ರೂಮಿನ ತಾಪಮಾನದಿಂದ 37 ಡಿಗ್ರಿ ತನಕ ಸ್ವಲ್ಪ ಬೇಗ ಆಗುತ್ತೆ ನಿಜ, 50 ದಾಟಿದ ಮೇಲೆ ಚೆನ್ನಾಗೇ ನಿಧಾನ ಆಗುತ್ತೆ, 100ರ ಹತ್ತಿರ ಹೋದ್ರೆ ರಿಯಾಕ್ಷನ್ನೇ ನಡೆಯಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಪುಡಿ ಮತ್ತು ಕಲ್ಲು ಎರಡರ ಕರಗೋ ಪ್ರಮಾಣ ಸಮ ಆಗಿಬಿಟ್ಟಿರುತ್ತೆ, ಹರಳು ಹೊರಗೆ ಬೀಳೋಕೆ ಕಾರಣವೇ ಇರಲ್ಲ. ಕುದಿಯೋ ನೀರಲ್ಲಿ ಕಲಸಿ ಕೂತ್ಕೊಂಡ್ರೆ ಕಾಯ್ತಾನೇ ಇರ್ಬೇಕು.

ಹಾಗಾದ್ರೆ ಒಣಗೋದಕ್ಕೆ ಕೆಲಸವೇ ಇಲ್ವಾ? ಇದೆ, ಆದ್ರೆ ಅದು ಎರಡನೇ ಕೆಲಸ. ಗಟ್ಟಿ ಆದ ಮೇಲೆ ಹರಳುಗಳ ನಡುವೆ ಉಳಿದ ಹೆಚ್ಚುವರಿ ನೀರು ಮುಂದಿನ ಒಂದೆರಡು ದಿನದಲ್ಲಿ ಆರಿಹೋದಾಗ ಕಾಸ್ಟಿನ ಬಲ ಎರಡರಷ್ಟು ಅಥವಾ ಅದಕ್ಕಿಂತ ಜಾಸ್ತಿ ಆಗುತ್ತೆ. ಈ ಅರ್ಧ ಸತ್ಯವೇ ಇಷ್ಟೆಲ್ಲ ತಲೆನೋವಿಗೆ ಮೂಲ. ಸೀನಿಯರ್ ಟೆಕ್ನಿಷಿಯನ್ "ಚೆನ್ನಾಗಿ ಆರಲಿ, ಆಮೇಲೆ ಕೆಲಸ ಮಾಡು" ಅಂದಿದ್ದನ್ನ ಜೂನಿಯರ್ "ಆರಿದ್ರೇನೇ ಗಟ್ಟಿ ಆಗುತ್ತೆ" ಅಂತ ಕೇಳಿಸ್ಕೊಂಡಿದ್ದಾನೆ. ಆರಿಸೋದಕ್ಕೂ ಮಿತಿ ಇದೆ, ಬೇಗ ಆಗಲಿ ಅಂತ ಕಾಸ್ಟನ್ನ 100 ಡಿಗ್ರಿ ಓವನ್‌ನಲ್ಲಿ ಇಟ್ರೆ ಹರಳೊಳಗಿನ ನೀರೇ ಹೊರಡೋಕೆ ಶುರುವಾಗಿ ಕಲ್ಲು ಮತ್ತೆ ಪುಡಿಯ ಕಡೆಗೆ ತಿರುಗುತ್ತೆ, ಕಾಸ್ಟ್ ಕುಗ್ಗುತ್ತೆ, ಬಲ ಹೋಗುತ್ತೆ. ನಿಮ್ಮ ಪುಡಿ ಫ್ಯಾಕ್ಟರೀಲಿ ಹುಟ್ಟಿದ್ದೇ ಹಾಗೆ ಅಲ್ವಾ!

ಈಗ ನಿಮ್ಮ ಕಾಸ್ಟಿಗೆ ಏನಾಯ್ತು ಅಂತ ನೋಡೋಣ. ಕೇಳಿದವರು ಹೇಳಿದ್ದು, 100 ಗ್ರಾಂ ಸ್ಟೋನ್‌ಗೆ "ಒಂದು 45 ಎಂಎಲ್ ಇರಬಹುದು, ಕಣ್ಣಳತೆ, ಚೆನ್ನಾಗಿ ಹರೀಲಿ ಅಂತ". ಸ್ಟೋನ್‌ಗೆ ಬೇಕಾಗಿದ್ದು 28ರಿಂದ 30 ಎಂಎಲ್. 45 ಅನ್ನೋದು ಪ್ಲಾಸ್ಟರ್ ಲೆಕ್ಕ. ಪ್ಲಾಸ್ಟರ್ ಕಣಗಳು ಒರಟು, ತೂತು ತೂತು, ಅದಕ್ಕೇ ಅಷ್ಟು ನೀರು ಕುಡಿಯುತ್ತೆ, ಸ್ಟೋನ್ ಹಬೆಯ ಒತ್ತಡದಲ್ಲಿ ತಯಾರಾದ ನಯವಾದ ಒತ್ತು ಕಣ, ಕಡಿಮೆ ನೀರಿಗೇ ಹರಿಯುತ್ತೆ. ಈಗ ಅಸಲಿ ಲೆಕ್ಕ: 100 ಗ್ರಾಂ ಪುಡಿ ರಿಯಾಕ್ಷನ್‌ಗೆ ಅಂತ ತಗೊಳ್ಳೋದು 18.6 ಎಂಎಲ್ ನೀರು ಮಾತ್ರ, ಪ್ಲಾಸ್ಟರ್ ಆದ್ರೂ ಅಷ್ಟೇ, ಸ್ಟೋನ್ ಆದ್ರೂ ಅಷ್ಟೇ. 30 ಹಾಕಿದ್ರೆ 11 ಎಂಎಲ್ ಚಿಲ್ರೆ ಹೆಚ್ಚಾಗಿ ಉಳಿಯುತ್ತೆ, 45 ಹಾಕಿದ್ರೆ 26 ದಾಟುತ್ತೆ. ಉಳಿದ ನೀರು ಆರಿಹೋದ ಜಾಗವೆಲ್ಲ ಪೊಳ್ಳು. ಅಂದ್ರೆ ಸ್ಟೋನ್ ದುಡ್ಡು ಕೊಟ್ಟು ತಂದು ಪ್ಲಾಸ್ಟರ್‌ನಂಥ ಕಾಸ್ಟ್ ಮಾಡಿದ್ರಿ. "ಹೇಗಿದ್ರೂ ಒಣಗುತ್ತಲ್ಲ, ಸ್ವಲ್ಪ ನೀರು ಜಾಸ್ತಿ ಆದ್ರೇನು" ಅನ್ನೋ ಯೋಚನೆ ಹುಟ್ಟೋದೇ ಆ ಒಣಗೋ ನಂಬಿಕೆಯಿಂದ. ತಕ್ಕಡಿ ಒಂದು, ಅಳತೆ ಸಿಲಿಂಡರ್ ಒಂದು, ಇಷ್ಟು ಸಾಕು ಮಾರಾಯ್ರೆ. ಮೊದಲು ನೀರು, ಅದರ ಮೇಲೆ ಪುಡಿ ನಿಧಾನಕ್ಕೆ ಉದುರಿಸಿ, ನೆನೆಯೋಕೆ ಬಿಟ್ಟು ಆಮೇಲೆ ಕಲಸಿ. ಕಲಸ್ತಾ ಕಲಸ್ತಾ ಮಧ್ಯದಲ್ಲಿ ನೀರು ಸೇರಿಸೋ ಅಭ್ಯಾಸ ಇದ್ರೆ ಬಿಟ್ಬಿಡಿ, ಅಷ್ಟೊತ್ತಿಗೆ ಶುರುವಾಗಿರೋ ಹರಳನ್ನ ಒಡೆದು ಹಾಕ್ತಿದೀರಿ.

ಮೇಲ್ಮೈ ಪುಡಿ ಆಗೋದಕ್ಕೆ ನೀರಿನ ಅಳತೆ ಒಂದೇ ಕಾರಣ ಅಲ್ಲ, ಇಂಪ್ರೆಶನ್ ಪಾಲೂ ಇದೆ. ಎಂಜಲು, ರಕ್ತ ಮೆತ್ತಿದ ಇಂಪ್ರೆಶನ್ನಿಗೆ ಹಾಗೇ ಸ್ಟೋನ್ ಹಾಕಿದ್ರೆ ತಾಗಿದ ಪದರದಲ್ಲಿ ಹರಳು ಸರಿಯಾಗಿ ಬೆಳೆಯಲ್ಲ. ಆಲ್ಜಿನೇಟೂ ಅದೇ ಥರದ ಅಂಟು ಪದಾರ್ಥ, ತಾನೇ ಸ್ಟೋನಿನ ಮೇಲ್ಪದರವನ್ನ ಹಿಡಿದು ನಿಧಾನ ಮಾಡುತ್ತೆ, ಅದಕ್ಕೇ ಕಂಪನಿಯವರು ಆಲ್ಜಿನೇಟ್ ಪುಡಿಯಲ್ಲೇ ಪೊಟ್ಯಾಸಿಯಂ ಸಲ್ಫೇಟ್‌ನಂಥ ಉಪ್ಪು ಬೆರೆಸಿರ್ತಾರೆ. ತೊಳೆದು, ಸೋಂಕು ನಿವಾರಣೆ ಮಾಡಿ, ನಿಂತ ನೀರನ್ನ ಕೊಡವಿ ಹಾಕಿ, ಆದ್ರೆ ಗಾಳಿ ಊದಿ ಪೂರ್ತಿ ಒಣಗಿಸಬೇಡಿ.

ಯಾಕೆ ಬೇಡ ಅಂದ್ರೆ ಆಲ್ಜಿನೇಟ್ ಜೆಲ್ ಅನ್ನೋದು ಬಹುಪಾಲು ನೀರೇ. ಗಾಳಿಯಲ್ಲಿ ಬಿಟ್ರೆ ನೀರು ಕಳ್ಕೊಂಡು ಕುಗ್ಗುತ್ತೆ, ನೀರಲ್ಲಿ ಮುಳುಗಿಸಿದ್ರೆ ಕುಡಿದು ಉಬ್ಬುತ್ತೆ, ಎರಡೂ ಕಡೆ ನಿಮ್ಮ ಅಳತೆ ಹೋಯ್ತು. ಹತ್ತು ಹದಿನೈದು ನಿಮಿಷದೊಳಗೆ ಸ್ಟೋನ್ ಹಾಕಿ, ತಡ ಆಗುತ್ತೆ ಅಂದ್ರೆ ಹಿಂಡಿದ ಒದ್ದೆ ಟಿಶ್ಯೂ ಸುತ್ತಿ ಜಿಪ್ ಕವರಲ್ಲಿ ಇಡಿ. ಈಗ ನಿಮ್ಮ ಆ ರಾತ್ರಿಗೆ ಬರೋಣ. ಸ್ಟೋನ್ ಹಾಕಿ 45ರಿಂದ 60 ನಿಮಿಷಕ್ಕೆ ಬಿಡಿಸಬೇಕಿತ್ತು, ಅಷ್ಟೊತ್ತಿಗೆ ಅದು ಬಿಸಿ ಏರಿ ಇಳಿದಿರುತ್ತೆ, ಮುಟ್ಟಿ ನೋಡಿದ್ರೆ ತಣ್ಣಗಿರುತ್ತೆ. ನೀವು ಫ್ಯಾನ್ ಹಾಕಿ ಮಲಗಿದ್ರಿ. ಆಲ್ಜಿನೇಟ್ ರಾತ್ರಿಯೆಲ್ಲ ಒಣಗ್ತಾ ಹೋಯ್ತು, ಕಾಸ್ಟ್ ಮೇಲ್ಮೈಯಿಂದಲೂ ನೀರು ಎಳೀತು, ಬೆಳಿಗ್ಗೆ ಅದು ಮೆತ್ತಗೆ ಬಾಗೋ ಜೆಲ್ ಆಗಿ ಉಳಿದಿರಲಿಲ್ಲ, ಚರ್ಮದ ಥರ ಬಿಗಿ ಆಗಿತ್ತು. ಮೊದಲೇ ಪೊಳ್ಳಾಗಿದ್ದ ಆ ಸಣ್ಣ ಮುಂದಿನ ಹಲ್ಲುಗಳನ್ನ ಅದು ಬಿಡಲಿಲ್ಲ. ಪುಡಿ ಮತ್ತು ಮುರಿದ ಹಲ್ಲು, ಎರಡಕ್ಕೂ ಉತ್ತರ ಇಲ್ಲೇ ಸಿಕ್ತಲ್ಲ.

ಈ ಹಾದಿಯಲ್ಲೇ ಇನ್ನೊಂದು ತಪ್ಪು: ಟ್ರಿಮ್ ಮಾಡೋಕೆ ಮುಂಚೆ ಒಣಗಿದ ಕಾಸ್ಟನ್ನ ನಲ್ಲಿ ನೀರಲ್ಲಿ ನೆನೆಸಿಡೋದು. ಜಿಪ್ಸಮ್ ಸಾದಾ ನೀರಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತೆ, ನಿಮ್ಮ ಮಾರ್ಜಿನ್ ಅಂಚು ತೊಳೆದುಹೋಗುತ್ತೆ. ಟ್ರಿಮ್ಮರ್‌ನಿಂದ ಬಿದ್ದ ಪುಡಿಯನ್ನ ನೀರಲ್ಲಿ ಹಾಕಿಟ್ಟು ಮೇಲಿನ ತಿಳಿ ನೀರನ್ನ ಬಳಸಿ, ಅದರಲ್ಲಿ ಜಿಪ್ಸಮ್ ಆಗಲೇ ಕರಗಿ ತುಂಬಿರೋದ್ರಿಂದ ಕಾಸ್ಟ್ ಕರಗಲ್ಲ.

ಯಾರೂ ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ, ಮಂಗಳೂರು ಉಡುಪಿ ಕಡೆಯವರಿಗೆ ಬೇಕಾಗುತ್ತೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಸ್ಟೋನ್ ಮೊದಲು ಬೇಗ ಬೇಗ ಸೆಟ್ ಆಗೋಕೆ ಶುರು ಮಾಡುತ್ತೆ, ಅಯ್ಯೋ ಕೆಲಸ ಮಾಡೋಕೆ ಟೈಮೇ ಸಿಗ್ತಿಲ್ಲ ಅಂತ ಹುಡುಗರು ನೀರು ಜಾಸ್ತಿ ಹಾಕ್ತಾರೆ. ಆಮೇಲೆ ಅದೇ ಚೀಲ ತೀರಾ ನಿಧಾನ ಆಗುತ್ತೆ. ಎರಡಕ್ಕೂ ಕಾರಣ ಒಂದೇ. ಗಾಳಿಯ ತೇವಕ್ಕೆ ಕಣದ ಮೇಲೆ ಅಲ್ಲಲ್ಲಿ ಸ್ವಲ್ಪ ಡೈಹೈಡ್ರೇಟ್ ಹುಟ್ಟಿದ್ರೆ ಅದೇ ಹೊಸ ಹರಳುಗಳಿಗೆ ಬೀಜ ಆಗುತ್ತೆ, ರಿಯಾಕ್ಷನ್ ಓಡುತ್ತೆ. ತೇವ ಇನ್ನೂ ಕುಡಿದು ಇಡೀ ಕಣವನ್ನೇ ಡೈಹೈಡ್ರೇಟ್ ಮುಚ್ಚಿಬಿಟ್ರೆ ಒಳಗಿನ ಪುಡಿಗೆ ನೀರು ತಲುಪಲ್ಲ, ರಿಯಾಕ್ಷನ್ ನಿಲ್ಲುತ್ತೆ. ಒಣಗದೆ ಸುಮ್ಮನೆ ಚೀಲದೊಳಗೇ ಸೆಟ್ ಆಗ್ತಿದೆ ನೋಡಿ! ಸರಿಯಾಗಿ ತೊಳೆಯದ ರಬ್ಬರ್ ಬೌಲಲ್ಲಿ ಉಳಿದ ಹಳೆ ಚೂರುಗಳೂ ಅದೇ ಬೀಜದ ಕೆಲಸ ಮಾಡ್ತವೆ.

ಚೀಲದ ಮೇಲೆ ಅನುಮಾನ ಇದ್ರೆ ಅದರಿಂದ 50 ಗ್ರಾಂ, ಹೊಸ ಪ್ಯಾಕೆಟ್ಟಿಂದ 50 ಗ್ರಾಂ ತಗೊಂಡು ಎರಡಕ್ಕೂ 15 ಎಂಎಲ್ ಒಂದೇ ನೀರು ಹಾಕಿ ಒಂದೇ ಥರ ಕಲಸಿ, ಮೇಲಿನ ಹೊಳಪು ಯಾವಾಗ ಹೋಗುತ್ತೆ ಅಂತ ಗಡಿಯಾರ ನೋಡಿ ಬರ್ಕೊಳ್ಳಿ. ವ್ಯತ್ಯಾಸ ಕಣ್ಣಿಗೆ ಬೀಳೋಷ್ಟು ಇದ್ರೆ ಆ ಚೀಲವನ್ನ ಆರ್ಟಿಕ್ಯುಲೇಟರ್‌ಗೆ ಮೌಂಟ್ ಮಾಡೋಕೂ ಇಟ್ಕೋಬೇಡಿ, ಬಿಸಾಕಿ, ಮುಂದಿನದನ್ನ ಗಾಳಿ ಆಡದ ಮುಚ್ಚಳದ ಡಬ್ಬಿಗೆ ಸುರಿದು ಒಣ ಸ್ಕೂಪಲ್ಲೇ ತೆಗೀರಿ.