ಪಿಂಚಣಿದಾರ ತಂದೆ-ತಾಯಿ ತೀರಿಕೊಂಡ ಮೇಲೆ ಅಂಗವಿಕಲ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ: ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ ಕೇಂದ್ರ ಸರ್ಕಾರದ ಸಿವಿಲ್ ನೌಕರರಿಗೆ, ಅದರಲ್ಲೂ ಹಳೆಯ ಪಿಂಚಣಿ ಪದ್ಧತಿಯಲ್ಲಿ ನಿವೃತ್ತರಾದವರಿಗೆ ಸೀಮಿತ. ಇಲ್ಲಿ ಅನ್ವಯವಾಗುವುದು 2021ರ ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳ 50ನೇ ನಿಯಮ. 1972ರ ನಿಯಮಗಳಲ್ಲಿ ಇದೇ ವಿಷಯ 54ನೇ ನಿಯಮದಲ್ಲಿತ್ತು. ಹಳೆಯ ಆದೇಶ, ಹಳೆಯ ಪತ್ರಗಳನ್ನು ಓದುವಾಗ ಆ ಸಂಖ್ಯೆಯೇ ಕಣ್ಣಿಗೆ ಬೀಳುವುದರಿಂದ ಎರಡನ್ನೂ ನೆನಪಿಟ್ಟುಕೊಳ್ಳಿ. ಕರ್ನಾಟಕ ಸರ್ಕಾರದ ನೌಕರರಿಗೆ 2002ರ ಪ್ರತ್ಯೇಕ ಕುಟುಂಬ ಪಿಂಚಣಿ ನಿಯಮಗಳಿವೆ. ಕೆಳಗಿನ ಲೆಕ್ಕವನ್ನು ಅಲ್ಲಿಗೆ ಹಾಗೇ ಅನ್ವಯಿಸಬೇಡಿ.

ಮೊದಲು ಸರದಿಯ ಮಾತು. ಪಿಂಚಣಿದಾರ ತೀರಿಕೊಂಡರೆ ಕುಟುಂಬ ಪಿಂಚಣಿ ಮೊದಲು ಹೋಗುವುದು ಬದುಕಿರುವ ಗಂಡ ಅಥವಾ ಹೆಂಡತಿಗೆ. ಅವರೂ ಇಲ್ಲವಾದಾಗ 25 ವರ್ಷ ತುಂಬದ, ಮದುವೆಯಾಗದ, ದುಡಿಮೆ ಆರಂಭಿಸದ ಮಕ್ಕಳಿಗೆ. ಅಂಥ ಮಕ್ಕಳು ಯಾರೂ ಉಳಿಯದಿದ್ದಾಗ ಅಂಗವಿಕಲ ಮಗ ಅಥವಾ ಮಗಳಿಗೆ, ಅದೂ ಜೀವನಪರ್ಯಂತ. 25 ದಾಟಿದ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಹೆಣ್ಣುಮಕ್ಕಳ ಸರದಿ ಅದರ ನಂತರದ್ದು. ಮನೆಗಳಲ್ಲಿ ಗೊಂದಲ ಹುಟ್ಟುವುದು ಬಹುಪಾಲು ಇಲ್ಲಿಯೇ. ಅಕ್ಕ ದೊಡ್ಡವಳು, ಅವಳಿಗೂ ಮದುವೆಯಾಗಿಲ್ಲ, ಹಾಗಾಗಿ ಮೊದಲ ಹಕ್ಕು ಅವಳದೇ ಎಂದುಕೊಳ್ಳುತ್ತಾರೆ. ವಯಸ್ಸಿನ ಹಿರಿತನ ಇಲ್ಲಿ ಲೆಕ್ಕಕ್ಕಿಲ್ಲ, ಅಂಗವಿಕಲ ತಮ್ಮನೇ ಮುಂದೆ. ಅಂಗವಿಕಲ ಮಕ್ಕಳೇ ಇಬ್ಬರಿದ್ದರೆ ಮಾತ್ರ ಹುಟ್ಟಿದ ಕ್ರಮದಂತೆ ಹಿರಿಯರಿಗೆ ಮೊದಲು, ಅವರ ಅರ್ಹತೆ ಮುಗಿದ ಮೇಲೆ ಕಿರಿಯರಿಗೆ.

ಅಂಗವೈಕಲ್ಯದ ಶರತ್ತು ಹೀಗಿದೆ: ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದಾಗಿ 25 ವರ್ಷದ ನಂತರವೂ ಸ್ವಂತ ಜೀವನೋಪಾಯ ಸಂಪಾದಿಸಲು ಆಗದಿರಬೇಕು. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. ಮಂಡಳಿಯಲ್ಲಿ ಅಧ್ಯಕ್ಷರಲ್ಲದೆ ಇನ್ನಿಬ್ಬರು ಸದಸ್ಯರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಆ ಬಗೆಯ ವೈಕಲ್ಯದ ತಜ್ಞರಾಗಿರಬೇಕು. ವೈಕಲ್ಯ ಶಾಶ್ವತವೆಂದು ಬರೆದಿದ್ದರೆ ಈ ಪತ್ರ ಒಮ್ಮೆ ಕೊಟ್ಟರೆ ಸಾಕು. ತಾತ್ಕಾಲಿಕ ಎಂದಿದ್ದರೆ ಐದು ವರ್ಷಕ್ಕೊಮ್ಮೆ ಹೊಸದನ್ನು ಕೊಡಬೇಕು.

ಈ ಪತ್ರದಲ್ಲಿ ಗಮನಿಸಬೇಕಾದ್ದು ತಾರೀಖು. ವೈಕಲ್ಯ ಹೆತ್ತವರ ಕಾಲದಲ್ಲೇ ಇತ್ತು ಎಂಬುದು ದಾಖಲೆಯಿಂದ ಕಾಣಬೇಕು. ನಿವೃತ್ತಿಯ ನಂತರ ಕಾಣಿಸಿಕೊಂಡಿದ್ದರೂ ತೊಂದರೆಯಿಲ್ಲ, ಹೆತ್ತವರಿಬ್ಬರೂ ಹೋದ ಮೇಲೆ ಬಂದದ್ದಾದರೆ ಕಷ್ಟ. ತಾಯಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಮಂಡಳಿಯ ಮುಂದೆ ಹೋದವರ ಪತ್ರದಲ್ಲಿ ಪರೀಕ್ಷೆಯ ದಿನಾಂಕ ಮಾತ್ರ ಇದ್ದರೆ, ಕಚೇರಿ ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತದೆ. ಹುಟ್ಟಿನಿಂದ ಬಂದ ವೈಕಲ್ಯವಾದರೆ ಹಾಗೆಂದು ಪತ್ರದಲ್ಲೇ ಬರೆಯುವಂತೆ ಮಂಡಳಿಯನ್ನು ಕೇಳಿಕೊಳ್ಳಿ. ಬಾಲ್ಯದ ಚಿಕಿತ್ಸೆಯ ಚೀಟಿ, ವಿಶೇಷ ಶಾಲೆಯ ದಾಖಲಾತಿ, ಹಳೆಯ ಅಂಗವೈಕಲ್ಯ ಗುರುತಿನ ಚೀಟಿ, ಇವುಗಳ ಪ್ರತಿ ಜೊತೆಗಿಡಿ. ಹಳತಾಯಿತೆಂದು ಎಸೆಯುವ ಕಾಗದಗಳೇ ಇಲ್ಲಿ ಸಾಕ್ಷಿ.

ಇನ್ನು ಆದಾಯ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಮೊದಲು ಎಲ್ಲ ಬಗೆಯ ಅವಲಂಬಿತರಿಗೂ ಒಂದೇ ಮಿತಿ ಇತ್ತು: ಕನಿಷ್ಠ ಕುಟುಂಬ ಪಿಂಚಣಿಯಾದ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿ ಪರಿಹಾರ. ಅಂಗವಿಕಲರ ವೈದ್ಯಕೀಯ ಮತ್ತು ಆರೈಕೆ ಖರ್ಚನ್ನು ಪರಿಗಣಿಸಿ 2021ರ ಫೆಬ್ರುವರಿ 8ರ ಆದೇಶದಲ್ಲಿ ಅವರ ಮಟ್ಟಿಗೆ ಇದನ್ನು ಬದಲಾಯಿಸಿದರು. ಈಗ ಬೇರೆ ಮೂಲಗಳ ಒಟ್ಟು ಆದಾಯ, ಆ ಮಗುವಿಗೆ ಸಲ್ಲಬೇಕಾದ ಸಾಮಾನ್ಯ ದರದ ಕುಟುಂಬ ಪಿಂಚಣಿ ಮತ್ತು ಅದರ ತುಟ್ಟಿ ಪರಿಹಾರದ ಮೊತ್ತಕ್ಕಿಂತ ಕಡಿಮೆ ಇರಬೇಕು. ಸಾಮಾನ್ಯ ದರವೆಂದರೆ ನೌಕರರ ಕೊನೆಯ ವೇತನದ ಶೇಕಡಾ 30. ಅಂದರೆ ಮಿತಿ ಈಗ ಎಲ್ಲರಿಗೂ ಒಂದೇ ಅಲ್ಲ, ಅದು ತಂದೆ ಅಥವಾ ತಾಯಿಯ ಸಂಬಳದ ಜೊತೆ ಏರಿಳಿಯುತ್ತದೆ.

ಕಲ್ಪಿತ ಉದಾಹರಣೆಯೊಂದನ್ನು ಪೂರ್ತಿ ಲೆಕ್ಕ ಹಾಕೋಣ. ತಂದೆಯ ಕೊನೆಯ ವೇತನ 60,000 ರೂಪಾಯಿ. ಅವರು 64ನೇ ವಯಸ್ಸಿಗೆ ತೀರಿಕೊಂಡರು. ಮನೆಯಲ್ಲಿ ತಾಯಿ, 28 ವರ್ಷದ ಅವಿವಾಹಿತ ಮಗಳು, ಬೌದ್ಧಿಕ ಅಂಗವೈಕಲ್ಯವಿರುವ 25 ದಾಟಿದ ಮಗ. ತಾಯಿಗೆ ಮೊದಲು ಹೆಚ್ಚಿನ ದರದಲ್ಲಿ, ಅಂದರೆ ವೇತನದ ಅರ್ಧದಂತೆ 30,000 ರೂಪಾಯಿ ಬರುತ್ತದೆ. ಈ ದರ ಏಳು ವರ್ಷ ಅಥವಾ ಪಿಂಚಣಿದಾರರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಇಲ್ಲಿ 67 ಮೊದಲು ಬರುವುದರಿಂದ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಶೇಕಡಾ 30ರಂತೆ 18,000. ತಂದೆ ಹೋದ ಐದು ವರ್ಷಕ್ಕೆ ತಾಯಿಯೂ ತೀರಿಕೊಂಡರು. ಈಗ ಸರದಿ ಮಗನದು, ಮೊತ್ತ 18,000 ರೂಪಾಯಿ ಮತ್ತು ಅದರ ತುಟ್ಟಿ ಪರಿಹಾರ.

ತುಟ್ಟಿ ಪರಿಹಾರ ಶೇಕಡಾ 50 ಇದ್ದ ಸಮಯ ಎಂದಿಟ್ಟುಕೊಂಡರೆ ಅವನ ಆದಾಯ ಮಿತಿ 18,000 ಮತ್ತು 9,000 ಸೇರಿ 27,000 ಆಗುತ್ತದೆ. ಮಗ ಸಂರಕ್ಷಿತ ಕಾರ್ಯಾಗಾರವೊಂದರಲ್ಲಿ ತಿಂಗಳಿಗೆ 6,000 ಪಡೆಯುತ್ತಾನೆ. ಅವನ ಹೆಸರಿನಲ್ಲಿ ಹೆತ್ತವರು ಇಟ್ಟ ಠೇವಣಿಯ ಬಡ್ಡಿ ತಿಂಗಳಿಗೆ 12,000. ಒಟ್ಟು 18,000, ಮಿತಿಯ ಒಳಗಿದೆ, ಅವನು ಅರ್ಹ. ಹಳೆಯ ಸೂತ್ರದಲ್ಲಿ ಮಿತಿ 13,500 ಮಾತ್ರ ಆಗುತ್ತಿತ್ತು, ಇದೇ ಹುಡುಗನಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. 2021ಕ್ಕೆ ಮೊದಲು ಆದಾಯದ ಕಾರಣಕ್ಕೆ ಅರ್ಜಿ ತಿರಸ್ಕೃತವಾದವರು ಹೊಸ ಮಿತಿಯಲ್ಲಿ ಮತ್ತೊಮ್ಮೆ ಕೇಳಿನೋಡಬೇಕು. ಆ ಆದೇಶ ಅವರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬಂದದ್ದು.

ಇದೇ ಲೆಕ್ಕದಲ್ಲಿ ಒಂದು ಅಪಾಯವೂ ಅಡಗಿದೆ. ಬಡ್ಡಿಯೂ ಬಾಡಿಗೆಯೂ ಆದಾಯವೇ. ಮಗನ ಭವಿಷ್ಯಕ್ಕೆಂದು ಪ್ರೀತಿಯಿಂದ ಇಡೀ ಉಳಿತಾಯವನ್ನು ಅವನ ಹೆಸರಿಗೆ ಮಾಡಿದಾಗ ಬಡ್ಡಿ 21,000 ಮುಟ್ಟಿದರೆ, 6,000 ಸಂಬಳದ ಜೊತೆ ಸೇರಿ ಅದು ಸರಿಯಾಗಿ 27,000 ಆಗುತ್ತದೆ. ನಿಯಮ ಕೇಳುವುದು ‘ಕಡಿಮೆ’ ಎಂದು, ಸಮವಾದರೆ ಸಾಲದು. ಜೀವನಪರ್ಯಂತ ಬರಬೇಕಿದ್ದ ಪಿಂಚಣಿ ಅಷ್ಟಕ್ಕೇ ತಪ್ಪಬಹುದು. ಉಯಿಲು ಬರೆಯುವ ಮೊದಲು ಈ ಕೂಡಿಕೆ ಒಮ್ಮೆ ಮಾಡಿನೋಡುವುದು ಒಳ್ಳೆಯದು.

ಮದುವೆಯ ಬಗ್ಗೆ ಚಿಕ್ಕ ಮಾತು. ಮದುವೆಯಾದರೆ ಪಿಂಚಣಿ ನಿಲ್ಲುತ್ತದೆ ಎಂಬುದು ಅಂಗವಿಕಲ ಮಕ್ಕಳ ವಿಷಯದಲ್ಲಿ ಈಗ ನಿಜವಲ್ಲ. 2013ರ ಜನವರಿಯ ಆದೇಶದಿಂದ ಆ ಅಡ್ಡಿ ಹೋಗಿದೆ.

ಉದಾಹರಣೆಯ ಮಗ ತನ್ನ ಹಣ ತಾನೇ ನಿರ್ವಹಿಸಲಾರ ಎಂದಾದರೆ ಪಿಂಚಣಿ ಪೋಷಕರ, ಅಂದರೆ ಅವನ ಪರವಾಗಿ ಹಣ ನೋಡಿಕೊಳ್ಳುವವರ ಮೂಲಕ ಬರುತ್ತದೆ. ಪಿಂಚಣಿದಾರರು ಬದುಕಿರುವಾಗಲೇ ಪೋಷಕರನ್ನು ನಾಮನಿರ್ದೇಶನ ಮಾಡಬಹುದು, ಅವರು ಮಾಡದೇ ಹೋದರೆ ಅವರ ಸಂಗಾತಿ ಮಾಡಬಹುದು. ಇಲ್ಲಿ ಅಕ್ಕನ ಹೆಸರು ಸಹಜ. ಇಂಥ ನಾಮನಿರ್ದೇಶನ ಇದ್ದ ಮೇಲೂ ಬ್ಯಾಂಕಿನವರು ನ್ಯಾಯಾಲಯದ ಪೋಷಕತ್ವ ಪತ್ರ ತನ್ನಿ ಎಂದು ಹಟ ಹಿಡಿಯುವುದುಂಟು. ಹಾಗೆ ಕೇಳಬಾರದೆಂದು ಪಿಂಚಣಿ ಇಲಾಖೆ ಬ್ಯಾಂಕುಗಳಿಗೆ ತಿಳಿಸಿದೆ. ನಾಮನಿರ್ದೇಶನವೇ ಇಲ್ಲದಿದ್ದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿ ಕೊಡುವ ಪೋಷಕತ್ವ ಪತ್ರವೂ ನಡೆಯುತ್ತದೆ. ಈ ಸಮಿತಿ ಜಿಲ್ಲೆಯಲ್ಲೇ ಇರುವುದರಿಂದ ನ್ಯಾಯಾಲಯಕ್ಕಿಂತ ಹತ್ತಿರದ ದಾರಿ.

ಅರ್ಜಿಯ ದಾರಿ ಎರಡು. ತಂದೆ ಅಥವಾ ತಾಯಿ ಬದುಕಿದ್ದಾಗಲೇ ಕಚೇರಿಗೆ ಬರೆದು, ಪ್ರಮಾಣಪತ್ರ ಕೊಟ್ಟು, ಮಗನ ಹೆಸರನ್ನು ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ ಸೇರಿಸಿಟ್ಟಿದ್ದರೆ ಕೆಲಸ ಸುಲಭ. ತಾಯಿಯ ಮರಣ ಪ್ರಮಾಣಪತ್ರ, ಪಿಪಿಒ, ಮಗನ ಗುರುತು ಮತ್ತು ಆದಾಯದ ದಾಖಲೆ ಹಿಡಿದು ಪೋಷಕರು ನೇರವಾಗಿ ಪಿಂಚಣಿ ಬರುತ್ತಿದ್ದ ಬ್ಯಾಂಕಿಗೆ ಹೋಗುತ್ತಾರೆ. ಹೆಸರು ಸೇರಿಸಿಲ್ಲದಿದ್ದರೆ ತಂದೆ ಕೊನೆಯದಾಗಿ ಕೆಲಸ ಮಾಡಿದ ಕಚೇರಿಗೆ ಅರ್ಜಿ ಹೋಗಬೇಕು. ಅಲ್ಲಿ ಮಂಜೂರಾಗಿ, ವೇತನ ಮತ್ತು ಲೆಕ್ಕಪತ್ರ ಕಚೇರಿ ದಾಟಿ, ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಯ ಮೂಲಕ ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೆ ಬರಬೇಕು. ಈ ನಡಿಗೆಯುದ್ದಕ್ಕೂ ಮನೆಗೆ ಹಣ ಬರುವುದಿಲ್ಲ. ಕುಟುಂಬದ ವಿವರ ಬರೆಯುವ ಫಾರ್ಮ್ 4ರಲ್ಲಿ ಮಗನ ಹೆಸರು ಇಲ್ಲ ಎಂಬುದೊಂದೇ ನಿರಾಕರಣೆಗೆ ಕಾರಣವಾಗಬಾರದು, ಆದರೆ ಮಗ ಎಂಬುದನ್ನು ಬೇರೆ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಆಧಾರ್, ಅಂಗವೈಕಲ್ಯ ಪತ್ರ ಮತ್ತು ಪಿಪಿಒ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನ ಒಂದೇ ಇದೆಯೇ ಎಂದು ತಾಯಿ ಇರುವಾಗಲೇ ನೋಡಿ ತಿದ್ದಿಸಿಕೊಳ್ಳಿ.

ಮಂಜೂರಾದ ಮೇಲೂ ಎರಡು ಕೆಲಸ ಪ್ರತಿವರ್ಷ ಇವೆ: ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ, ಮತ್ತು ಮಗ ಜೀವನೋಪಾಯ ಸಂಪಾದಿಸಲು ಆರಂಭಿಸಿಲ್ಲ, ಅಂದರೆ ಅವನ ಆದಾಯ ಮೇಲೆ ಹೇಳಿದ ಮಿತಿ ಮುಟ್ಟಿಲ್ಲ ಎಂಬ ದೃಢೀಕರಣ. ಪಿಂಚಣಿ ಇದ್ದಕ್ಕಿದ್ದಂತೆ ನಿಂತರೆ ಮೊದಲು ಇವನ್ನೇ ಪರಿಶೀಲಿಸಿ.

ತಂದೆ-ತಾಯಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಎರಡೂ ಕುಟುಂಬ ಪಿಂಚಣಿ ಮಗನಿಗೆ ಸಲ್ಲುತ್ತವೆ. ಒಟ್ಟು ಮೊತ್ತಕ್ಕೆ ಸಾಮಾನ್ಯ ದರದಲ್ಲಿ ತಿಂಗಳಿಗೆ 75,000, ಹೆಚ್ಚಿನ ದರದಲ್ಲಿ 1,25,000 ರೂಪಾಯಿಯ ಮಿತಿ ಇದೆ.

ಖಾಸಗಿ ಸಂಸ್ಥೆಯಲ್ಲಿ ದುಡಿದು 1995ರ ನೌಕರರ ಪಿಂಚಣಿ ಯೋಜನೆಯಲ್ಲಿದ್ದವರ ಮಕ್ಕಳಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಮಕ್ಕಳ ಪಿಂಚಣಿ ಒಂದು ಸಲಕ್ಕೆ ಇಬ್ಬರಿಗೆ, 25 ವರ್ಷದವರೆಗೆ, ವಿಧವಾ ಪಿಂಚಣಿಯ ಶೇಕಡಾ 25ರಂತೆ. ಹೆತ್ತವರಿಬ್ಬರೂ ಇಲ್ಲವಾದರೆ ಶೇಕಡಾ 75. ಶಾಶ್ವತ ಮತ್ತು ಪೂರ್ಣ ಅಂಗವೈಕಲ್ಯ ಇರುವ ಮಗುವಿಗೆ ಮಾತ್ರ ವಯಸ್ಸಿನ ಮಿತಿಯೂ ಇಲ್ಲ, ಇಬ್ಬರೆಂಬ ಮಿತಿಯೂ ಇಲ್ಲ. ಅರ್ಜಿ ಹೋಗಬೇಕಾದ್ದು ಭವಿಷ್ಯ ನಿಧಿ ಕಚೇರಿಗೆ.