ರಿಟರ್ನ್ ಹಾಕಿದ್ದಕ್ಕೆ ರೇಷನ್ ಕಾರ್ಡ್ ರದ್ದಾದರೆ

ಉಡುಪಿಯ ಕಾನೂನು ಅರಿವು ಶಿಬಿರದಲ್ಲಿ ರೇಷನ್ ಕಾರ್ಡ್ ಬಗ್ಗೆ ಹೇಳಿದ್ದರಲ್ಲಿ ಒಂದು ವಿಷಯವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಿಪಿಎಲ್ ಕಾರ್ಡ್ ರದ್ದಾಗಿದೆ, ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿದರೆ 'ನಿಮ್ಮ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದಾರೆ' ಅನ್ನುತ್ತಾರೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ತಕರಾರು ನಿಲ್ಲುವುದು ಈ ವ್ಯತ್ಯಾಸದ ಮೇಲೆಯೇ.

ಉದಾಹರಣೆಗೆ ಒಂದು ಮನೆ ತೆಗೆದುಕೊಳ್ಳಿ. ತಾಯಿ ಬೀಡಿ ಕಟ್ಟುತ್ತಾರೆ. ಮಗಳು ಗೇರುಬೀಜ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು ಕೆಲಸ ಬಿಟ್ಟಿದ್ದಾಳೆ, ಪಿಎಫ್‌ನ 60,000 ರೂಪಾಯಿ ತೆಗೆದಿದ್ದಾಳೆ. ಐದು ವರ್ಷ ತುಂಬದೆ 50,000 ಅಥವಾ ಅದಕ್ಕಿಂತ ಹೆಚ್ಚು ತೆಗೆದರೆ ಶೇ 10ರಷ್ಟನ್ನು ಟಿಡಿಎಸ್, ಅಂದರೆ ಮುಂಚಿತ ತೆರಿಗೆಯಾಗಿ ಹಿಡಿಯುತ್ತಾರೆ. ಹಾಗೆ ಹೋದ 6,000 ವಾಪಸ್ ಪಡೆಯಲು ಆಕೆ ರಿಟರ್ನ್ ಹಾಕಿದಳು, ಹಣ ಬಂತು. ಆದರೆ ಆಕೆಯ ಪ್ಯಾನ್ ತೆರಿಗೆದಾರರ ಪಟ್ಟಿಯಲ್ಲಿ ಉಳಿಯಿತು.

ಇವರು ಹಾಜರುಪಡಿಸಬೇಕಾದದ್ದು ಮೂರು: ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ ಸ್ವೀಕೃತಿ, 6,000 ಮರಳಿ ಜಮೆಯಾದ ಪಾಸ್‌ಬುಕ್ ಪುಟ, ನಾಡಕಚೇರಿಯ ಆದಾಯ ಪ್ರಮಾಣಪತ್ರ.

ರಿಟರ್ನ್‌ನಲ್ಲಿ 'ಒಟ್ಟು ಆದಾಯ'ದ ಸಾಲನ್ನು ಮೊದಲೇ ನೋಡಿಕೊಳ್ಳಿ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಬ್ಯಾಂಕ್ ಸಾಲ ಸಿಗಲಿ ಎಂದು ಕೆಲವರು ಎರಡೂವರೆ ಲಕ್ಷ ಆದಾಯ ತೋರಿಸಿ ರಿಟರ್ನ್ ಹಾಕಿಸಿರುತ್ತಾರೆ. ಅಲ್ಲಿ ತೆರಿಗೆ ಸೊನ್ನೆಯಾದರೂ ನಿಮ್ಮದೇ ಲೆಕ್ಕ ನಿಮಗೆ ಎದುರಾಗುತ್ತದೆ. ಇಂಥ ಪ್ರಕರಣ ಗೆಲ್ಲುವುದು ಬಹಳ ಕಷ್ಟ, ಇದನ್ನು ಮುಚ್ಚಿಡುವುದು ಸರಿಯಲ್ಲ.

ಕಾಗದ ಕೂಡಿದ ಮೇಲೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ರದ್ದತಿಗೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಯಿಮಾತಿನಲ್ಲಿ ಕೇಳಿ ಬಂದದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. 'ಹೊಸ ಅರ್ಜಿ ಹಾಕಿ' ಎಂದರೆ ಒಪ್ಪಬೇಡಿ, ಹಳೆಯ ರದ್ದತಿಯೇ ತಪ್ಪು ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. 'ಸ್ವಇಚ್ಛೆಯಿಂದ ಕಾರ್ಡ್ ಹಿಂದಿರುಗಿಸಿದ್ದೇನೆ' ಎಂಬ ಕಾಗದಕ್ಕಂತೂ ಸಹಿ ಹಾಕಲೇಬಾರದು.

ಕಾರಣ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ರದ್ದತಿ ಆದೇಶದ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಸಿಟ್ಟಿನ ಮಾತೆಲ್ಲ ಸೇರಿಸಿದರೆ ಅದೇ ನೆಪವಾಗಿ ಅರ್ಜಿ ಹಿಂದೆ ಬರುತ್ತದೆ.

ಮುಂದಿನ ಮೆಟ್ಟಿಲು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ. ಅವರ ಆದೇಶವೂ ಸರಿಯೆನಿಸದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಈ ಮನೆಯ ತಾಯಿ-ಮಗಳಿಗೆ ವಕೀಲರ ಖರ್ಚಿಲ್ಲ: ಹೆಂಗಸರಿಗೆ ಆದಾಯ ನೋಡದೆಯೇ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.