ಪದ ಪರಿಚಯ: ಫೋಮೈಟ್

ರೋಗಾಣು ಅಂಟಿಕೊಂಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಲು ನೆರವಾಗುವ ನಿರ್ಜೀವ ವಸ್ತುವಿಗೆ ವೈದ್ಯಶಾಸ್ತ್ರದಲ್ಲಿ ಫೋಮೈಟ್ ಎನ್ನುತ್ತಾರೆ. ಫೋನು, ಬಾಗಿಲ ಹಿಡಿ, ಟವೆಲ್, ದಿಂಬಿನ ಕವರ್ ಎಲ್ಲವೂ ಫೋಮೈಟ್ ಆಗಬಲ್ಲವು. ಬಟ್ಟೆಬರೆಗಳ ಮೂಲಕವೂ ಸೋಂಕು ಹರಡುತ್ತದೆ ಎಂಬ ವಿಚಾರವನ್ನು ಇಟಲಿಯ ವೈದ್ಯ ಫ್ರಾಕಾಸ್ಟೊರೊ 1546ರಲ್ಲೇ ಮಂಡಿಸಿದ್ದ. ವೈರಸ್ ಎಂಬುದೊಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಈ ಪದ ಬಂದಲ್ಲೆಲ್ಲ ಒಂದು ಪ್ರಶ್ನೆ ಹಿಂದೆಯೇ ಬರುತ್ತದೆ: ವೈರಸ್ ಅಲ್ಲಿ ಎಷ್ಟು ಹೊತ್ತು ಬದುಕಿರುತ್ತದೆ? ಫ್ಲೂ ವಿಷಯದಲ್ಲಿ ಇಂದಿಗೂ ಹೆಚ್ಚಾಗಿ ಉಲ್ಲೇಖವಾಗುವುದು 1982ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅದರಲ್ಲಿ ಸ್ಟೀಲು ಮತ್ತು ಪ್ಲಾಸ್ಟಿಕ್‌ನಂಥ ಗಟ್ಟಿ, ನುಣುಪು ಮೇಲ್ಮೈಗಳಲ್ಲಿ ಫ್ಲೂ ವೈರಸ್ 24ರಿಂದ 48 ಗಂಟೆ ಉಳಿಯಿತು. ಬಟ್ಟೆ, ಕಾಗದ, ಟಿಶ್ಯೂಗಳಲ್ಲಿ 8ರಿಂದ 12 ಗಂಟೆಯೊಳಗೆ ನಾಶವಾಯಿತು. ಸ್ಟೀಲಿನಿಂದ ಕೈಗೆ 24 ಗಂಟೆಯವರೆಗೂ ವೈರಸ್ ದಾಟುತ್ತಿತ್ತು, ಟಿಶ್ಯೂವಿನಿಂದ ದಾಟಿದ್ದು 15 ನಿಮಿಷದವರೆಗೆ ಮಾತ್ರ. ಹಾಗೆ ಕೈಗೆ ಬಂದದ್ದು ಅಲ್ಲಿ ಉಳಿದದ್ದು ಹೆಚ್ಚೆಂದರೆ 5 ನಿಮಿಷ.

ಇವುಗಳಲ್ಲಿ '48 ಗಂಟೆ' ಒಂದೇ ಸುದ್ದಿಯಾಗಿ ಓಡಾಡುತ್ತದೆ. ಉಪಯೋಗಕ್ಕೆ ಬರುವ ಅಂಕಿಗಳು ಕೊನೆಯ ಎರಡು.

48 ಗಂಟೆ ಎಂದರೆ ಅಷ್ಟು ಹೊತ್ತೂ ವೈರಸ್ ಒಂದೇ ಸಮನೆ ಇದ್ದು ಆಮೇಲೆ ತಟ್ಟನೆ ಸತ್ತಿತು ಎಂದಲ್ಲ. ಮೇಲ್ಮೈಗೆ ಬಿದ್ದ ಕ್ಷಣದಿಂದಲೇ ಅದು ಕ್ಷೀಣಿಸತೊಡಗುತ್ತದೆ. ಲೆಕ್ಕಕ್ಕಾಗಿ, ಬಾಗಿಲ ಹಿಡಿಯ ಮೇಲೆ 10,000 ಸಜೀವ ವೈರಸ್ ಕಣಗಳು ಬಿದ್ದಿವೆ, ಪ್ರತಿ 2 ಗಂಟೆಗೆ ಅರ್ಧದಷ್ಟು ನಾಶವಾಗುತ್ತವೆ ಎಂದಿಟ್ಟುಕೊಳ್ಳಿ. 8 ಗಂಟೆಯ ಬಳಿಕ 625 ಉಳಿಯುತ್ತವೆ, 24 ಗಂಟೆಯ ಬಳಿಕ ಎರಡೋ ಮೂರೋ. ಅದೇ ಹಿಡಿಯ ಮೇಲೆ ಮೊದಲಿಗೆ ಬಿದ್ದದ್ದು 100 ಮಾತ್ರ ಆಗಿದ್ದರೆ 14 ಗಂಟೆಗೇ ಲೆಕ್ಕ ಒಂದಕ್ಕಿಂತ ಕೆಳಗಿಳಿಯುತ್ತದೆ. ಅಂದರೆ 'ಎಷ್ಟು ಹೊತ್ತು' ಎಂಬುದು ವಸ್ತುವಿನಷ್ಟೇ ಮೊದಲು ಬಿದ್ದ ಪ್ರಮಾಣದ ಮೇಲೂ ನಿಂತಿದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಧಾರಾಳವಾಗಿಯೇ ಹಾಕುತ್ತಾರೆ, ಹಾಗಾಗಿ ಅಲ್ಲಿನ ಅವಧಿ ಉದ್ದ.

ಇನ್ನೊಂದು ಅಂಶ ಸಿಂಬಳ. ಸ್ವಿಸ್ ಬ್ಯಾಂಕ್ ನೋಟುಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ಲೂ ವೈರಸ್ 3 ದಿನದವರೆಗೆ ಉಳಿದಿತ್ತು. ಮೂಗಿನ ಸ್ರಾವದೊಂದಿಗೆ ಬೆರೆಸಿ ಹಚ್ಚಿದಾಗ 17 ದಿನದವರೆಗೂ ಸಿಕ್ಕಿತು. ಸ್ರಾವ ಒಣಗಿ ವೈರಸ್ಸಿನ ಸುತ್ತ ರಕ್ಷಾಪದರವಾಗುತ್ತದೆ. ಆದ್ದರಿಂದ ಒರೆಸುವಾಗ ಮೊದಲು ತೆಗೆಯಬೇಕಾದದ್ದು ಕಣ್ಣಿಗೆ ಕಾಣುವ ಕೊಳೆ. ಕೊಳೆಯ ಮೇಲೆಯೇ ಔಷಧಿ ಸಿಂಪಡಿಸಿದರೆ ಅದು ಒಳಗಿಳಿಯುವುದಿಲ್ಲ.

ಇಲ್ಲಿ ಎರಡು ವೈರಸ್‌ಗಳನ್ನು ಬೇರೆಬೇರೆಯಾಗಿ ನೋಡಬೇಕು. ಫ್ಲೂ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪೂ ಆಲ್ಕೊಹಾಲೂ ಆ ಹೊದಿಕೆಯನ್ನು ಒಡೆಯುತ್ತವೆ. ಸಾಮಾನ್ಯ ಶೀತಕ್ಕೆ ಅತಿ ಹೆಚ್ಚು ಕಾರಣವಾಗುವ ರೈನೊವೈರಸ್‌ಗೆ ಅಂಥ ಹೊದಿಕೆಯೇ ಇಲ್ಲ, ಆಲ್ಕೊಹಾಲಿಗೆ ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕೈಯ ಚರ್ಮದ ಮೇಲೂ ಅದು ಕೆಲವು ಗಂಟೆ ಉಳಿಯಬಲ್ಲದು. ಬೆರಳಿಂದ ಮೂಗನ್ನೋ ಕಣ್ಣನ್ನೋ ಮುಟ್ಟಿದಾಗ ಒಳಸೇರುತ್ತದೆ. ಶೀತವಾದವರ ಮನೆಯಲ್ಲಿ ಸ್ಯಾನಿಟೈಸರ್ ಬಾಟಲಿಗಿಂತ ಸೋಪು ನೀರಿಗೆ ಹೆಚ್ಚು ಬೆಲೆ ಇರುವುದು ಇದೇ ಕಾರಣಕ್ಕೆ: ಸೋಪು ಕೊಲ್ಲದಿದ್ದರೂ ಉಜ್ಜಿದಾಗ ವೈರಸ್ ಚರ್ಮದಿಂದ ಸಡಿಲವಾಗಿ ನೀರಿನೊಂದಿಗೆ ಹರಿದು ಹೋಗುತ್ತದೆ. 20 ಸೆಕೆಂಡು ಉಜ್ಜಬೇಕು, ಬೆರಳ ತುದಿ ಮತ್ತು ಉಗುರಿನಡಿ ಬಿಡಬಾರದು. ಫ್ಲೂ ಇದ್ದಾಗಲೂ ಕೈ ಸಿಂಬಳದಿಂದ ಒದ್ದೆಯಾಗಿದ್ದರೆ ಸ್ಯಾನಿಟೈಸರ್ ಸೋಲುತ್ತದೆ. 2019ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಂತೆ, ಹಸಿ ಕಫದೊಳಗಿನ ಫ್ಲೂ ವೈರಸ್ಸನ್ನು ನಿಷ್ಕ್ರಿಯಗೊಳಿಸಲು ಆಲ್ಕೊಹಾಲಿಗೆ ಸುಮಾರು 4 ನಿಮಿಷ ಬೇಕಾಯಿತು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಹಾಗೆಂದು ಮುಟ್ಟಿದ್ದೆಲ್ಲ ಅಂಟುತ್ತದೆ ಎಂದುಕೊಳ್ಳಬೇಕಿಲ್ಲ. 1987ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಶೀತವಾದವರ ಜೊತೆ ಆರೋಗ್ಯವಂತರನ್ನು ಇಸ್ಪೀಟಾಟಕ್ಕೆ ಕೂರಿಸಿದ್ದರು. ಕೈ ಮುಖಕ್ಕೆ ತಾಕದಂತೆ ತಡೆದಿದ್ದವರಿಗೂ ಗಾಳಿಯ ಮೂಲಕ ಶೀತ ಹತ್ತಿತು. ಬೇರೊಂದು ಕೋಣೆಯಲ್ಲಿ, ಶೀತವಾದವರು ಆಡಿ ತೇವವಾಗಿದ್ದ ಎಲೆಗಳಲ್ಲೇ 12 ಗಂಟೆ ಆಡಿದ 12 ಮಂದಿಯಲ್ಲಿ ಒಬ್ಬರಿಗೂ ಹತ್ತಲಿಲ್ಲ. ಫೋಮೈಟ್ ಒಂದು ದಾರಿ ಹೌದು, ಆದರೆ ಮನೆಯ ಕಿಟಕಿ ಮುಚ್ಚಿಟ್ಟು ಬಾಗಿಲ ಹಿಡಿಯನ್ನು ದಿನಕ್ಕೆ ಹತ್ತು ಸಲ ಉಜ್ಜುವುದು ತಲೆಕೆಳಗಾದ ಲೆಕ್ಕ.

ಈಗ ಒಂದು ಸಂದರ್ಭ ನೋಡೋಣ. ಫ್ಲೂ ಬಂದವರೊಬ್ಬರು ಅಂಗೈಗೆ ಸೀನಿ, ಫೋನೆತ್ತಿ ಮಾತಾಡಿ, ಟವೆಲಿಗೆ ಮೂಗೊರೆಸಿ, ಬಾಗಿಲು ತೆಗೆದು ಹೋದರು. ಒಂದು ಗಂಟೆಯ ಬಳಿಕ ಒಣಗಿದ ಟವೆಲಿನ ಅಂಚು ಮುಟ್ಟಿದರೆ ಅಪಾಯ ಕಡಿಮೆ: ಎಳೆಗಳು ತೇವ ಹೀರಿಕೊಂಡು ವೈರಸ್ಸನ್ನು ಒಳಗೆ ಹಿಡಿದಿಟ್ಟಿರುತ್ತವೆ, ಅದು ಬೆರಳಿಗೆ ಬರುವುದು ಕಷ್ಟ. ಬಾಗಿಲ ಹಿಡಿ ಮತ್ತು ಫೋನು ಹಾಗಲ್ಲ, ನುಣುಪು ಮೇಲ್ಮೈ ಬೆರಳಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಅದರಲ್ಲೂ ಫೋನು ಮುಖದ ಹತ್ತಿರಕ್ಕೇ ಹೋಗುವ ವಸ್ತು. ಎಲ್ಲಿ ಶ್ರಮ ಹಾಕಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಫೋನನ್ನು ಆಫ್ ಮಾಡಿ, ಚಾರ್ಜರ್ ಬಿಚ್ಚಿ, ಕವರ್ ತೆಗೆಯಿರಿ. 70% ಐಸೋಪ್ರೊಪೈಲ್ ಆಲ್ಕೊಹಾಲನ್ನು ನಾರು ಬಿಡದ ಮೆತ್ತನೆಯ ಬಟ್ಟೆಗೆ ಹಾಕಿ, ತೊಟ್ಟಿಕ್ಕದಷ್ಟು ಮಾತ್ರ ತೇವ ಮಾಡಿ ಒರೆಸಿ. ಫೋನಿನ ಮೇಲೆ ನೇರ ಸಿಂಪಡಿಸಿದರೆ ಸ್ಪೀಕರ್ ಮತ್ತು ಚಾರ್ಜಿಂಗ್ ಕಿಂಡಿಯೊಳಗೆ ಇಳಿಯುತ್ತದೆ. 99% ಆಲ್ಕೊಹಾಲು ಇನ್ನೂ ಚೆನ್ನ ಎಂಬುದು ತಪ್ಪು: ಪ್ರೋಟೀನು ಕೆಡಲು ನೀರಿನಂಶ ಬೇಕು, ಜೊತೆಗೆ ಅದು ಬೇಗ ಆರಿಹೋಗುತ್ತದೆ. ಬ್ಲೀಚ್ ಫೋನಿಗೆ ಬೇಡವೇ ಬೇಡ. ಆಲ್ಕೊಹಾಲು ಕೂಡ ಪದೇಪದೇ ತಗುಲಿದರೆ ಗಾಜಿನ ಮೇಲಿನ ಎಣ್ಣೆ ತಡೆಯುವ ಲೇಪ ಸವೆಯುತ್ತದೆ, ಬೆರಳಚ್ಚು ಹೆಚ್ಚು ಮೂಡತೊಡಗಿದರೆ ಅದೇ ಗುರುತು. ಮನೆಯಲ್ಲಿ ಕಾಯಿಲೆ ಇಲ್ಲದ ದಿನಗಳಲ್ಲಿ ತುಸು ನೀರು ತಾಕಿಸಿದ ಬಟ್ಟೆ ಸಾಕು.

ಬಾಗಿಲ ಹಿಡಿ, ಸ್ವಿಚ್ಚು, ನಲ್ಲಿ ಇವುಗಳಿಗೆ ಯಾರಾದರೂ ಕಾಯಿಲೆ ಬಿದ್ದ ದಿನಗಳಲ್ಲಿ ದಿನಕ್ಕೊಮ್ಮೆ ಸೋಪುನೀರಿನ ಬಟ್ಟೆ, ಆಮೇಲೆ ಬೇಕಿದ್ದರೆ ಬ್ಲೀಚ್. ಸ್ವಿಚ್ಚಿಗೆ ಮಾತ್ರ ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. 5% ಬ್ಲೀಚ್ 20 ಮಿ.ಲೀ. ತೆಗೆದುಕೊಂಡು, ಒಟ್ಟು 1 ಲೀಟರ್ ಆಗುವಷ್ಟು ತಣ್ಣೀರು ಬೆರೆಸಿದರೆ 0.1% ದ್ರಾವಣವಾಗುತ್ತದೆ. ಅದು ದಿನ ಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ ಅಂದಂದಿಗೆ ಮಾಡಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಒರೆಸಿದ ಮರುಕ್ಷಣವೇ ಒಣಬಟ್ಟೆ ಹಾಕುವುದರಲ್ಲಿ. ಡಬ್ಬದ ಮೇಲೆ ಬರೆದಷ್ಟು ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಆಮೇಲೆ ಲೋಹವನ್ನು ನೀರಿನ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬ್ಲೀಚ್ ಅದನ್ನು ತಿನ್ನುತ್ತದೆ. ಬ್ಲೀಚಿಗೆ ವಿನಿಗರ್, ಟಾಯ್ಲೆಟ್ ಕ್ಲೀನರ್ ಅಥವಾ ಅಮೋನಿಯಾ ಸೇರಿಸಿದರೆ ವಿಷಾನಿಲ ಹೊರಡುತ್ತದೆ.

ಬಟ್ಟೆಗೆ ಮಾಮೂಲಿ ಡಿಟರ್ಜೆಂಟ್ ಒಗೆತವೇ ಸಾಕು. ಬಟ್ಟೆ ತಡೆಯುವಷ್ಟು ಬಿಸಿನೀರಾದರೆ ಒಳ್ಳೆಯದು, ಪೂರ್ತಿ ಒಣಗಿಸುವುದು ಮುಖ್ಯ. ಒಗೆಯಲು ಹಾಕುವ ಮುನ್ನ ಟವೆಲನ್ನು ಕೊಡವಬೇಡಿ, ಹಾಕಿದ ಮೇಲೆ ಕೈ ತೊಳೆಯಿರಿ. ಕಾಯಿಲೆಯವರ ಟವೆಲು ಬೇರೆ ಇದ್ದರೆ ಉಳಿದ ಬಟ್ಟೆಗಳ ಚಿಂತೆ ಅರ್ಧ ಕಳೆಯಿತು. ಕರವಸ್ತ್ರ ಮಾತ್ರ ಬೇರೆ ಮಾತು: ಜೇಬಿನಲ್ಲಿ ಒದ್ದೆಯಾಗಿ ಮಡಚಿಕೊಂಡೇ ಇದ್ದು, ಮತ್ತೆಮತ್ತೆ ಹೊಸ ಸಿಂಬಳ ಸೇರುವ ಬಟ್ಟೆಗೆ ಆ 8-12 ಗಂಟೆಯ ಲೆಕ್ಕ ಹೊಂದುವುದಿಲ್ಲ. ಅದರ ಬದಲು ಟಿಶ್ಯೂ ಬಳಸಿ ಆಗಲೇ ಮುಚ್ಚಳವಿರುವ ಬುಟ್ಟಿಗೆ ಹಾಕಿ.